ಮನೆಯ ಪೌಳಿ, ಗೇಟು ಮತ್ತು ಪ್ರವೇಶಕ್ರಮ (ಮಾನ್ವಿ ಪ್ರದೇಶ)

ಪ್ರವೇಶಕ್ರಮ ಎಂದರೆ ಬೀದಿಯಿಂದ ಮನೆಯ ಹೊಸ್ತಿಲಿನವರೆಗೆ ಒಬ್ಬ ವ್ಯಕ್ತಿ ದಾಟಿ ಬರುವ ಸ್ಥಳಗಳ ಸರಣಿ. ಸುತ್ತುಗೋಡೆ, ಗೇಟು, ಅಂಗಳ, ಮೆಟ್ಟಿಲು, ಕಟ್ಟೆ ಮತ್ತು ತಲಬಾಗಿಲು ಈ ಸರಣಿಯ ಅಂಗಗಳು. ಮನೆಯ ಬಗ್ಗೆ ಬಂದವರ ಮನಸ್ಸಿನಲ್ಲಿ ಮೂಡುವ ಮೊದಲ ಅಭಿಪ್ರಾಯವು ಮುಂಭಾಗದ ಅಲಂಕಾರದಿಂದ ಮಾತ್ರವಲ್ಲದೆ, ಈ ಅಂಗಗಳು ಯಾವ ಅನುಕ್ರಮದಲ್ಲಿ, ಯಾವ ಎತ್ತರದಲ್ಲಿ ಮತ್ತು ಎಷ್ಟು ಅಂತರದಲ್ಲಿ ಎದುರಾಗುತ್ತವೆ ಎಂಬುದರಿಂದಲೂ ರೂಪುಗೊಳ್ಳುತ್ತದೆ. ರಾಯಚೂರು ಜಿಲ್ಲೆಯ ಮಾನ್ವಿ ಹಾಗೂ ಅದರ ಸುತ್ತಲಿನ ಪ್ರದೇಶದಲ್ಲಿ ಎರಡು ಕಾರಣಗಳಿಂದ ಈ ವಿಷಯಕ್ಕೆ ವಿಶೇಷ ರೂಪ ಬಂದಿದೆ. ಮೊದಲನೆಯದಾಗಿ, ಇಲ್ಲಿಯ ಹಳೆಯ ಮನೆಗಳಿಗೆ ಪ್ರತ್ಯೇಕ ಸುತ್ತುಗೋಡೆ ಇರುತ್ತಿರಲಿಲ್ಲ; ಮನೆಯ ಗೋಡೆಯೇ ಬೀದಿಯ ಅಂಚಾಗಿತ್ತು. ಎರಡನೆಯದಾಗಿ, ಇಲ್ಲಿ ವ್ಯಾಪಕವಾಗಿರುವ ಎರೆಮಣ್ಣು ಹಗುರವಾದ ಸುತ್ತುಗೋಡೆಯನ್ನೂ ಗೇಟಿನ ಕಂಬವನ್ನೂ ಋತುಮಾನಕ್ಕೆ ತಕ್ಕಂತೆ ಅಲುಗಿಸುತ್ತದೆ.

## ಹೆಸರುಗಳು

ನಿವೇಶನದ ಎಲ್ಲೆಯ ಮೇಲೆ ಕಟ್ಟುವ ಗೋಡೆಗೆ ಉತ್ತರ ಕರ್ನಾಟಕದಲ್ಲಿ 'ಪೌಳಿ' ಎಂಬ ಹಳೆಯ ಹೆಸರಿದೆ. ದೇವಾಲಯದ ಪ್ರಾಕಾರಕ್ಕೂ ಇದೇ ಪದ ಬಳಕೆಯಾಗುತ್ತದೆ. ಇಂದಿನ ಆಡುಮಾತಿನಲ್ಲಿ 'ಕಂಪೌಂಡ್' ಎಂಬ ಪದವೇ ಹೆಚ್ಚು ಪ್ರಚಲಿತ. ಊರಿನ ಅಥವಾ ದೊಡ್ಡ ವಾಡೆಯ ಹೆಬ್ಬಾಗಿಲಿಗೆ 'ಅಗಸಿ' ಎನ್ನುತ್ತಾರೆ. ದೊಡ್ಡ ಬಾಗಿಲನ್ನು ತೆರೆಯದೆ ಒಬ್ಬೊಬ್ಬರಾಗಿ ಬಗ್ಗಿ ಒಳಬರಲು ಅದರಲ್ಲಿಯೇ ಕೊರೆದ ಚಿಕ್ಕ ಬಾಗಿಲು 'ದಿಡ್ಡಿ'. ಮನೆಯ ಮುಖ್ಯ ದ್ವಾರ 'ತಲಬಾಗಿಲು'. ಅದರ ಎರಡು ಬದಿಗೆ ಕುಳಿತುಕೊಳ್ಳಲು ಕಟ್ಟಿದ ಜಗಲಿ 'ಕಟ್ಟೆ'. ಒಳಗಿನ ಎತ್ತರದ ಮೊದಲ ಅಂಕಣ 'ಪಡಸಾಲೆ'. ಬುನಾದಿಗೆ ಹಾಗೂ ಅಂಗಳ ಎತ್ತರಿಸಲು ತುಂಬುವ ಜಲ್ಲಿಮಿಶ್ರಿತ ಗಟ್ಟಿ ಮಣ್ಣಿಗೆ 'ಗರಸು' ಎಂಬ ಹೆಸರಿದೆ.

## ಹಳೆಯ ಮನೆಗಳ ಪ್ರವೇಶಕ್ರಮ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶದ ಸಾಂಪ್ರದಾಯಿಕ ಮನೆಗಳು ದಪ್ಪ ಕಲ್ಲು ಅಥವಾ ಮಣ್ಣಿನ ಗೋಡೆಯ, ಮಟ್ಟಸವಾದ ಮಣ್ಣಿನ ಮಾಳಿಗೆಯ ಮನೆಗಳು. ಅಕ್ಕಪಕ್ಕದ ಮನೆಗಳ ಗೋಡೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಬೀದಿಗೆ ಕಾಣುವುದು ಕಿಟಕಿಗಳು ವಿರಳವಾದ ಒಂದು ಉದ್ದನೆಯ ಗೋಡೆ, ನಡುವೆ ಒಂದು ಬಾಗಿಲು, ಅದರ ಇಕ್ಕೆಲಗಳಲ್ಲಿ ಕಟ್ಟೆ. ಹೀಗಾಗಿ ಪೌಳಿಯ ಕೆಲಸವನ್ನು ಮನೆಯ ಗೋಡೆಯೇ ಮಾಡುತ್ತಿತ್ತು.

ಬೀದಿಗೂ ಮನೆಗೂ ನಡುವಣ ಅಂತರವನ್ನು ಅಳೆದು ಕೊಡುತ್ತಿದ್ದುದು ನೆಲದ ಮಟ್ಟ. ಕಟ್ಟೆಯು ಬೀದಿಯ ಭಾಗವೂ ಹೌದು, ಮನೆಯ ಭಾಗವೂ ಹೌದು. ಹಾದಿಹೋಕರು ಕೇಳದೆಯೇ ಅಲ್ಲಿ ಕುಳಿತುಕೊಳ್ಳಬಹುದಾಗಿತ್ತು. ತಲಬಾಗಿಲು ದಾಟಿದ ಮೇಲೆ ಹಲವು ಒಕ್ಕಲು ಮನೆಗಳಲ್ಲಿ ಮೊದಲು ಸಿಗುತ್ತಿದ್ದುದು ದನ ಕಟ್ಟುವ ತಗ್ಗಿನ ಅಂಕಣ ಮತ್ತು ಅದರ ಗೋದಲಿ. ಅಲ್ಲಿಂದ ಒಂದೂವರೆ ಅಥವಾ ಎರಡು ಅಡಿ ಎತ್ತರದಲ್ಲಿ ಪಡಸಾಲೆ ಇರುತ್ತಿತ್ತು. ವ್ಯವಹಾರಕ್ಕೆ ಬಂದವರು ಕಟ್ಟೆಯಲ್ಲಿ, ಪರಿಚಿತರು ಪಡಸಾಲೆಯ ಅಂಚಿನಲ್ಲಿ, ಬಂಧುಗಳು ಅದರ ಒಳಗೆ ಕುಳಿತುಕೊಳ್ಳುವುದು ರೂಢಿ. ಬಂದವರು ಯಾವ ಮೆಟ್ಟಿಲಿನವರೆಗೆ ಏರಬೇಕೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮಟ್ಟದ ಬದಲಾವಣೆಯೇ ಅದನ್ನು ತಿಳಿಸುತ್ತಿತ್ತು. ಇದೇ ವ್ಯವಸ್ಥೆಯು ಜಾತಿಭೇದದ ಸಾಧನವೂ ಆಗಿತ್ತು. ಕೆಲವರನ್ನು ಕಟ್ಟೆಯಿಂದಾಚೆಗೇ ನಿಲ್ಲಿಸುತ್ತಿದ್ದುದು ಈ ಮೆಟ್ಟಿಲುಗಳ ಮೂಲಕವೇ.

ದೇಸಾಯಿ ಮತ್ತು ಗೌಡರ ವಾಡೆಗಳಲ್ಲಿ ಕ್ರಮವು ಇನ್ನೂ ದೀರ್ಘವಾಗಿರುತ್ತಿತ್ತು. ಎತ್ತಿನ ಬಂಡಿ ಹಾಯುವಷ್ಟು ಅಗಲದ ಅಗಸಿ, ಅದರೊಳಗೆ ದಿಡ್ಡಿ, ಅನಂತರ ಬಯಲು ಅಂಗಳ, ಆಮೇಲೆ ಮನೆಯ ಬಾಗಿಲು. ಅಗಸಿಯೂ ಮನೆಯ ಬಾಗಿಲೂ ಒಂದೇ ನೇರದಲ್ಲಿ ಬಾರದಂತೆ ನೋಡಿಕೊಂಡ ಕಡೆ, ಅಗಸಿ ತೆರೆದಿದ್ದರೂ ಒಳಮನೆ ಬೀದಿಗೆ ಕಾಣುವುದಿಲ್ಲ. ಹೆಬ್ಬಾಗಿಲಿನ ನಂತರ ದಾರಿಯನ್ನು ತಿರುಗಿಸುವ ಈ ವಿಧಾನ ದಖ್ಖನಿನ ಕೋಟೆಗಳಲ್ಲಿ ರಕ್ಷಣೆಗಾಗಿ ಬಳಕೆಯಲ್ಲಿತ್ತು. ಮನೆಯಲ್ಲಿ ಅದು ಮರೆಗಾಗಿ ಉಪಯೋಗವಾಯಿತು. ಸಮೀಪದ ರಾಯಚೂರು ಕೋಟೆಯು ಗೋಡೆ ಮತ್ತು ಬಾಗಿಲು ಹೇಗೆ ಪ್ರಭಾವ ಬೀರುತ್ತವೆ ಎಂಬುದಕ್ಕೆ ಪ್ರಸಿದ್ಧ ನಿದರ್ಶನ. 1294ರಲ್ಲಿ ಕಾಕತೀಯರ ಕಾಲದಲ್ಲಿ ಕಟ್ಟಲಾದ ಅದರ ಒಳಗೋಡೆಯಲ್ಲಿ ಗಾರೆಯಿಲ್ಲದೆ ಜೋಡಿಸಿದ ಬೃಹತ್ ಕಲ್ಲುಗಳಿವೆ. ಅವುಗಳಲ್ಲಿ ಸುಮಾರು 41 ಅಡಿ ಉದ್ದದ ಒಂದು ಕಲ್ಲಿನ ಮೇಲೆ ನಿರ್ಮಾಣದ ಶಾಸನವನ್ನು ಕೆತ್ತಲಾಗಿದೆ. ಕೋಟೆಗೆ ಬಂದವರು ಒಳಗಿನ ಕಟ್ಟಡಕ್ಕಿಂತ ಮೊದಲು ಈ ಗೋಡೆಯನ್ನೇ ಓದುತ್ತಾರೆ.

## ಪೌಳಿಯ ಆಗಮನ

ಮಾನ್ವಿ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ರಾಯಚೂರು ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು. ಸರ್ಕಾರಿ ಬಂಗಲೆ, ಕಚೇರಿ ಹಾಗೂ ವಸತಿಗೃಹಗಳು ನಿವೇಶನದ ನಡುವೆ ಕಟ್ಟಡ, ಸುತ್ತಲೂ ಬಯಲು, ಎಲ್ಲೆಗೆ ಗೋಡೆ ಎಂಬ ಮಾದರಿಯನ್ನು ಪರಿಚಯಿಸಿದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಭತ್ತದ ಬೇಸಾಯ ಹರಡಿದ ಮೇಲೆ ಪಟ್ಟಣವು ಹಳೆಯ ಊರಿನಿಂದ ಹೊರಕ್ಕೆ ಬೆಳೆಯಿತು. ಹೊಸ ಬಡಾವಣೆಗಳಲ್ಲಿ ಪ್ರತಿ ನಿವೇಶನದ ಮುಂದೆ ಮತ್ತು ಬದಿಗಳಲ್ಲಿ ಖಾಲಿ ಜಾಗ ಬಿಡಬೇಕೆಂಬ ನಿಯಮ ಬಂದಾಗ, ಆ ಜಾಗಕ್ಕೆ ರಕ್ಷಣೆ ಬೇಕಾಯಿತು. ಪೌಳಿ ಸಾಮಾನ್ಯ ಮನೆಗೂ ಬಂದದ್ದು ಹೀಗೆ.

ಇದರಿಂದ ಪ್ರವೇಶಕ್ರಮದಲ್ಲಿ ಒಂದು ಮೂಲಭೂತ ಬದಲಾವಣೆಯಾಯಿತು. ಮೊದಲು ಬೀದಿಯ ಅಂಚಿನಲ್ಲಿದ್ದ ಕಟ್ಟೆ ಈಗ ಗೋಡೆಯ ಒಳಗೆ ಸೇರಿತು, ಅಥವಾ ಇಲ್ಲವಾಯಿತು. ಬಂದವರು ನಿಲ್ಲುವ ಸ್ಥಳ ಗೇಟಿನ ಹೊರಗಿನ ಚರಂಡಿಯ ಹಾಸುಗಲ್ಲಾಯಿತು. ಬೆಳಿಗ್ಗೆ ನೀರು ಚಿಮುಕಿಸಿ ರಂಗೋಲಿ ಹಾಕುವ ಜಾಗವೂ ಎರಡಾಯಿತು: ಗೇಟಿನ ಮುಂದೆ ಒಂದು, ಹೊಸ್ತಿಲ ಮುಂದೆ ಇನ್ನೊಂದು. ಹಳೆಯ ಮನೆಯಲ್ಲಿ ಒಂದೇ ಬಾಗಿಲು ಮಾಡುತ್ತಿದ್ದ ಕೆಲಸವನ್ನು ಹೊಸ ಮನೆಯಲ್ಲಿ ಎರಡು ಬಾಗಿಲುಗಳು ಹಂಚಿಕೊಂಡವು. ಅವುಗಳ ನಡುವಣ ಕೆಲವೇ ಅಡಿಗಳ ಜಾಗವನ್ನು ಹೇಗೆ ರೂಪಿಸಬೇಕೆಂಬುದೇ ಇಂದಿನ ಮುಖ್ಯ ಪ್ರಶ್ನೆ.

## ಗೋಡೆಯ ಎತ್ತರ ಮತ್ತು ನೋಟ

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಸುತ್ತುಗೋಡೆಯ ಎತ್ತರವನ್ನು ಮುಂದಿನ ರಸ್ತೆಯ ನಡುರೇಖೆಯಿಂದ 1.5 ಮೀಟರಿಗೆ ಮಿತಿಗೊಳಿಸುತ್ತದೆ. ಮೇಲಿನ 0.9 ಮೀಟರು ಜಾಲರಿಯಂತಹ ತೆರೆದ ರಚನೆಯಾಗಿದ್ದರೆ ಒಟ್ಟು 2.4 ಮೀಟರಿನವರೆಗೆ ಅನುಮತಿಸಬಹುದು. ಮೂಲೆ ನಿವೇಶನದಲ್ಲಿ ರಸ್ತೆಗಳು ಕೂಡುವ ಬಿಂದುವಿನಿಂದ ಎರಡೂ ಬದಿಗೆ 10 ಮೀಟರಿನವರೆಗೆ ಮುಚ್ಚಿದ ಗೋಡೆ 0.75 ಮೀಟರನ್ನು ಮೀರಬಾರದು. ಅದಕ್ಕೂ ಮೇಲೆ ಬೇಕಾದರೆ ಕಂಬಿಗಳನ್ನು ಹಾಕಬೇಕು. ತಿರುವಿನಲ್ಲಿ ಎದುರು ಬರುವ ವಾಹನ ಕಾಣಬೇಕೆಂಬುದು ಇದರ ಕಾರಣ. ಅಂತಿಮವಾಗಿ ಅನ್ವಯಿಸುವುದು ಸ್ಥಳೀಯ ಸಂಸ್ಥೆಯ ಉಪವಿಧಿಗಳು.

ಎತ್ತರದಲ್ಲಿ 30 ಸೆಂಟಿಮೀಟರಿನ ವ್ಯತ್ಯಾಸವೂ ಮನೆಯ ನೋಟವನ್ನು ಪೂರ್ತಿ ಬದಲಿಸುತ್ತದೆ. ನಿಂತ ವ್ಯಕ್ತಿಯ ಕಣ್ಣು ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿರುತ್ತದೆ ಎಂದುಕೊಳ್ಳೋಣ. ಗೋಡೆಯಿಂದ ಒಳಗೆ 1.5 ಮೀಟರ್ ದೂರದಲ್ಲಿ ಮನೆಯ ಬಾಗಿಲಿದೆ. ಹೊಸ್ತಿಲು ರಸ್ತೆಯಿಂದ 0.6 ಮೀಟರ್ ಮೇಲಿದೆ. ಬಾಗಿಲಿನ ಎತ್ತರ 2.1 ಮೀಟರ್. ಗೋಡೆ 1.5 ಮೀಟರ್ ಇದ್ದರೆ ದೃಷ್ಟಿರೇಖೆ ನೆಲಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಎಷ್ಟು ಹತ್ತಿರ ಬಂದರೂ ಬಾಗಿಲಿನ ಮೇಲರ್ಧವೇ ಕಾಣುತ್ತದೆ, ಹೊಸ್ತಿಲು ಕಾಣುವುದಿಲ್ಲ. ಗೋಡೆ 1.2 ಮೀಟರ್ ಇದ್ದರೆ, 4 ಮೀಟರ್ ದೂರದಲ್ಲಿ ನಿಂತವರಿಗೆ ಬಾಗಿಲಿನ ಕೆಳಗಿನ ಅರ್ಧ ಮೀಟರ್ ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ. ಅವರು ಗೋಡೆಯಿಂದ ಒಂದು ಮೀಟರಿಗೆ ಬಂದಾಗ ಹೊಸ್ತಿಲಿನ ಸಮೀಪದವರೆಗೂ ನೋಟ ಇಳಿಯುತ್ತದೆ. ಅಂದರೆ ತಗ್ಗಿನ ಗೋಡೆಯು ಬಂದವರ ಹೆಜ್ಜೆಯೊಂದಿಗೆ ಮನೆಯನ್ನು ತೆರೆಯುತ್ತ ಹೋಗುತ್ತದೆ. ಕಣ್ಣಿನ ಮಟ್ಟದ ಗೋಡೆಯು ಗೇಟು ತೆರೆಯುವವರೆಗೂ ಒಂದೇ ನೋಟವನ್ನು ಹಿಡಿದಿಡುತ್ತದೆ.

ಯಾವುದು ಉತ್ತಮ ಎಂಬುದು ಬೀದಿಯನ್ನು ಅವಲಂಬಿಸಿದೆ. ವಾಹನಸಂಚಾರ ಹೆಚ್ಚಿರುವ ಮುಖ್ಯ ರಸ್ತೆಯಲ್ಲಿ ಧೂಳು ಮತ್ತು ಸದ್ದಿಗೆ ಎತ್ತರದ ಮುಚ್ಚಿದ ಗೋಡೆ ನೆರವಾಗುತ್ತದೆ. ಒಳಬೀದಿಯಲ್ಲಿ ಅದೇ ಗೋಡೆ ಗಾಳಿಯನ್ನು ತಡೆದು, ಬೇಸಿಗೆಯಲ್ಲಿ ಕಾದು, ಸಂಜೆಯ ನಂತರವೂ ಕಿರಿದಾದ ಅಂಗಳಕ್ಕೆ ಸೆಕೆಯನ್ನು ಬಿಡುತ್ತದೆ. 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಮನೆಗಳಲ್ಲಿ ಇದು ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ತೀರ ಎತ್ತರದ ಗೋಡೆ ಕಳ್ಳನಿಗೂ ಮರೆಯಾಗುತ್ತದೆ ಎಂಬುದನ್ನೂ ಗಮನಿಸಬೇಕು: ಒಮ್ಮೆ ಒಳಗೆ ಇಳಿದವನು ಬೀದಿಗೆ ಕಾಣುವುದಿಲ್ಲ.

## ಮಟ್ಟ ಮತ್ತು ಮಳೆನೀರು

ಪ್ರವೇಶದ ಬಹುಪಾಲು ದೋಷಗಳು ಮಟ್ಟದ ತಪ್ಪು ಲೆಕ್ಕದಿಂದ ಹುಟ್ಟುತ್ತವೆ. ಮನೆ ಕಟ್ಟುವಾಗ ರಸ್ತೆ ಮಣ್ಣಿನದಾಗಿದ್ದು, ಅನಂತರ ಗರಸು, ಜಲ್ಲಿ ಮತ್ತು ಕಾಂಕ್ರೀಟು ಬಿದ್ದು ಅದು ಒಂದು ಅಡಿಯಷ್ಟು ಏರಬಹುದು. ಆಗ ಗೇಟಿನ ನೆಲವು ರಸ್ತೆಗಿಂತ ತಗ್ಗಾಗಿ, ಮುಂಗಾರಿನ ಕೊನೆಯ ಜೋರು ಮಳೆಗಳಲ್ಲಿ ಬೀದಿಯ ನೀರು ಅಂಗಳಕ್ಕೆ ಹರಿಯುತ್ತದೆ. ಇದಕ್ಕೆ ಹೆದರಿ ಮನೆಯ ತಳಹದಿಯನ್ನು ಮೂರು ಅಥವಾ ನಾಲ್ಕು ಅಡಿ ಎತ್ತರಿಸಿದರೆ ಇನ್ನೊಂದು ತೊಂದರೆ ಬರುತ್ತದೆ. ಮೋಟಾರ್ ಸೈಕಲ್ ಏರಿಸಲು ಬೇಕಾದ ಇಳಿಜಾರಿಗೆ ಒಳಗೆ ಜಾಗ ಸಾಲದೆ, ಅದನ್ನು ಚರಂಡಿಯ ಮೇಲೆ, ರಸ್ತೆಯ ಒಳಕ್ಕೆ ಚಾಚಬೇಕಾಗುತ್ತದೆ. 0.6 ಮೀಟರ್ ಏರಲು 1:8ರ ಇಳಿಜಾರಿಗೆ 4.8 ಮೀಟರ್ ಉದ್ದ ಬೇಕು. ಗಾಲಿಕುರ್ಚಿಗೆ ಸೂಕ್ತವಾದ 1:12ಕ್ಕೆ 7.2 ಮೀಟರ್ ಬೇಕು. ಹೀಗೆ ರಸ್ತೆಗೆ ಚಾಚಿದ ಇಳಿಜಾರು ಚರಂಡಿಯ ಶುದ್ಧೀಕರಣವನ್ನು ತಡೆಯುತ್ತದೆ, ರಸ್ತೆ ದುರಸ್ತಿಯ ವೇಳೆ ಒಡೆಯಲ್ಪಡುತ್ತದೆ.

ಎತ್ತರವನ್ನು ಎರಡು ಹಂತದಲ್ಲಿ ಹಂಚುವುದು ಇದಕ್ಕೆ ಪರಿಹಾರ. ಅಂಗಳವನ್ನು ರಸ್ತೆಯ ನಡುರೇಖೆಗಿಂತ 15 ಸೆಂಟಿಮೀಟರಿನಷ್ಟು ಮಾತ್ರ ಎತ್ತರಿಸಿ, ಉಳಿದ ಏರಿಕೆಯನ್ನು ಮೆಟ್ಟಿಲುಗಳಿಗೆ ಬಿಡಲಾಗುತ್ತದೆ. ಅಂಗಳದ ನೆಲವು ಗೇಟಿನ ಕಡೆಗೆ ಪ್ರತಿ ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇಳಿದಿರಬೇಕು. ಈ ಭಾಗದಲ್ಲಿ ಹಾಸಲು ರೂಢಿಯಲ್ಲಿರುವ ಶಹಾಬಾದ್ ಪರಸಿಯನ್ನು ಒರಟು ಮುಖ ಮೇಲಾಗಿ ಹಾಸಿದರೆ ಒದ್ದೆಯಾದಾಗ ಕಾಲು ಜಾರುವುದು ಕಡಿಮೆ. ಹೊಳಪು ಕೊಟ್ಟ ಕಲ್ಲು ಅಥವಾ ನುಣುಪಾದ ಟೈಲ್ಸು ಗೇಟಿನ ಬಳಿ ಸೂಕ್ತವಲ್ಲ.

ಅಂಗಳಕ್ಕೆ ಗರಸು ತುಂಬಿದಾಗ ಪೌಳಿಯ ಪಾತ್ರವೇ ಬದಲಾಗುತ್ತದೆ. ಎಲ್ಲೆಯನ್ನು ತೋರಿಸಲು ಕಟ್ಟಿದ ಗೋಡೆ ಮಣ್ಣನ್ನು ತಡೆಯುವ ಗೋಡೆಯಾಗುತ್ತದೆ. 0.9 ಮೀಟರ್ ತುಂಬುಮಣ್ಣು ಒಣಗಿದ್ದಾಗ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 250 ಕಿಲೋಗ್ರಾಂ ತೂಕದಷ್ಟು ಅಡ್ಡ ಒತ್ತಡ ಹಾಕುತ್ತದೆ. ಅದೇ ಮಣ್ಣಿನಲ್ಲಿ ನೀರು ತುಂಬಿ ಹೊರಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಅದರ ಎರಡರಷ್ಟಾಗುತ್ತದೆ. ಮಳೆಗಾಲದಲ್ಲಿ ಪೌಳಿಗಳು ಇಡಿಯಾಗಿ ಹೊರಕ್ಕೆ ಉರುಳಲು ಇದೊಂದು ಸಾಮಾನ್ಯ ಕಾರಣ. ಗೋಡೆಯ ಪಕ್ಕದಲ್ಲಿ ನಡೆಯುವವರಿಗೆ, ಆಡುವ ಮಕ್ಕಳಿಗೆ ಇದರಿಂದ ಜೀವಾಪಾಯವಿದೆ. ಎರಡು ಅಡಿಗಿಂತ ಹೆಚ್ಚು ಮಣ್ಣು ತುಂಬುವ ಕಡೆ ತೆಳುವಾದ ಬ್ಲಾಕ್ ಗೋಡೆಯ ಬದಲು ಕೆಳಭಾಗ ಅಗಲವಾದ ಸೈಜುಗಲ್ಲಿನ ತಡೆಗೋಡೆಯನ್ನು ಕಟ್ಟಿ, ಅದರ ಬುಡದಲ್ಲಿ ಒಂದೂವರೆ ಮೀಟರಿಗೊಂದರಂತೆ ನೀರುಗಂಡಿಗಳನ್ನು ಬಿಟ್ಟು, ಹಿಂಬದಿಗೆ ಜಲ್ಲಿ ತುಂಬಬೇಕಾಗುತ್ತದೆ.

## ಎರೆಮಣ್ಣಿನ ವರ್ತನೆ

ಎರೆಮಣ್ಣು ನೀರು ಹೀರಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಈ ಚಲನೆ ಮೇಲ್ಪದರದಲ್ಲಿ ಹೆಚ್ಚು, ಆಳಕ್ಕೆ ಹೋದಂತೆ ಕಡಿಮೆ. ಮನೆಯ ಭಾರ ಮಣ್ಣಿನ ಉಬ್ಬುವಿಕೆಯನ್ನು ಕೆಲಮಟ್ಟಿಗೆ ಅದುಮಿಡುತ್ತದೆ. ಪೌಳಿಗೆ ಅಂತಹ ಭಾರವಿಲ್ಲ. ಅದೂ ಅಲ್ಲದೆ ಖರ್ಚು ಉಳಿಸಲು ಪೌಳಿಯ ಬುನಾದಿಯನ್ನು ಎರಡು ಅಡಿಗೇ ನಿಲ್ಲಿಸುವುದು ರೂಢಿಯಾಗಿದೆ. ಮಣ್ಣು ಅತಿ ಹೆಚ್ಚು ಅಲುಗುವ ಪದರದಲ್ಲಿಯೇ ಅತಿ ಹಗುರವಾದ ಗೋಡೆ ಕುಳಿತಿರುವುದರಿಂದ, ಮನೆ ಗಟ್ಟಿಯಾಗಿದ್ದರೂ ಪೌಳಿ ಬಿರುಕು ಬಿಡುತ್ತದೆ. ಊರಿನ ಮಸಾರಿ ಅಥವಾ ಗರಸಿನ ನೆಲವಿರುವ ಭಾಗಗಳಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ.

ಬಿರುಕಿನ ಆಕಾರದಿಂದ ಕಾರಣವನ್ನು ಊಹಿಸಬಹುದು. ಮೇಲೆ ಅಗಲವಾಗಿ, ಕೆಳಗೆ ಸಣ್ಣದಾಗುವ ಬಿರುಕು ಕಂಡರೆ ಗೋಡೆಯ ನಡುಭಾಗ ಮೇಲೆದ್ದಿದೆ ಅಥವಾ ತುದಿಗಳು ಕುಸಿದಿವೆ ಎಂದರ್ಥ. ಕೆಳಗೆ ಅಗಲ, ಮೇಲೆ ಸಣ್ಣ ಬಿರುಕು ನಡುಭಾಗ ಕುಸಿದಿರುವ ಸೂಚನೆ. ಗೋಡೆಗೆ ತೀರ ಹತ್ತಿರ ಬೆಳೆದ ಬೇವು ಅಥವಾ ಹೊಂಗೆಯ ಮರವು ಬೇರಿನಿಂದ ನೀರು ಹೀರಿ ಮಣ್ಣನ್ನು ಕುಗ್ಗಿಸಿದಲ್ಲಿ ಹೀಗಾಗುವುದುಂಟು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲದ ಲಂಬ ಬಿರುಕು ಸಾಮಾನ್ಯವಾಗಿ ಬುನಾದಿಯದಲ್ಲ, ಬಿಸಿಲಿಗೆ ಹಿಗ್ಗಿ ಕುಗ್ಗುವ ಉದ್ದನೆಯ ಗೋಡೆಯದು. ಬಿರುಕು ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತಿದ್ದರೆ ಎರೆಮಣ್ಣೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ಇಂತಹ ಬಿರುಕಿಗೆ ಗಾರೆ ತುಂಬಿ ಬಣ್ಣ ಹಚ್ಚಿದರೆ ಅದು ಮುಂದಿನ ವರ್ಷ ಮತ್ತೆ ಕಾಣಿಸಿಕೊಳ್ಳುತ್ತದೆ.

ನಿರ್ಮಾಣದಲ್ಲಿ ಬಳಸುವ ಪರಿಹಾರವು ಗೋಡೆಯನ್ನು ಮಣ್ಣಿನಿಂದ ಬಿಡಿಸುವುದು. ಎರಡೂವರೆ ಅಥವಾ ಮೂರು ಮೀಟರಿಗೊಂದರಂತೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಕಂಬಗಳನ್ನು ಕನಿಷ್ಠ 1.5 ಮೀಟರ್ ಆಳದಿಂದ ಎಬ್ಬಿಸಿ, ನೆಲಮಟ್ಟದಲ್ಲಿ ಅವುಗಳ ನಡುವೆ ತೊಲೆ ಹಾಕಿ, ಆ ತೊಲೆಯ ಮೇಲೆ ಗೋಡೆಯನ್ನು ಕಟ್ಟಲಾಗುತ್ತದೆ. ತೊಲೆಯ ಅಡಿಗೂ ಎರೆಮಣ್ಣಿಗೂ ನಡುವೆ ಸುಮಾರು 8 ಸೆಂಟಿಮೀಟರ್ ಖಾಲಿ ಬಿಡಬೇಕು. ಮಣ್ಣು ಉಬ್ಬಿದಾಗ ಈ ಖಾಲಿ ಜಾಗಕ್ಕೆ ಏರುತ್ತದೆಯೇ ಹೊರತು ತೊಲೆಯನ್ನು ಎತ್ತುವುದಿಲ್ಲ. ಕೆಲಸಗಾರರು ಈ ಖಾಲಿ ಜಾಗಕ್ಕೆ ಒಡೆದ ಇಟ್ಟಿಗೆ ತುಂಬಿ ಗಟ್ಟಿ ಮಾಡಿದರೆ ಇಡೀ ಏರ್ಪಾಡು ವ್ಯರ್ಥವಾಗುತ್ತದೆ. ಎರೆಮಣ್ಣು ತುಂಬ ಆಳವಾಗಿರುವ ಕಡೆ, ತುದಿಯಲ್ಲಿ ಉಬ್ಬಿರುವ ಕೊರೆದ ಕಂಬಗಳನ್ನು ಬಳಸುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಭಾರತದ ಎರೆಭೂಮಿಗಾಗಿ ಇವನ್ನು ಅಭಿವೃದ್ಧಿಪಡಿಸಿತು. ಉದ್ದನೆಯ ಗೋಡೆಗೆ ಐದಾರು ಮೀಟರಿಗೊಂದು ಸಂದು ಬಿಡುವುದು, ಮತ್ತು ಪೌಳಿಯನ್ನು ಮನೆಯ ಗೋಡೆಗೆ ಬೆಸೆಯದೆ ಬೇರೆಯಾಗಿಯೇ ನಿಲ್ಲಿಸುವುದು ಇನ್ನೆರಡು ಮುನ್ನೆಚ್ಚರಿಕೆಗಳು.

## ಗೇಟು ಮತ್ತು ಅದರ ಕಂಬ

ಗೇಟಿನ ಕಂಬವು ಪೌಳಿಯ ಉಳಿದ ಕಂಬಗಳಂತಲ್ಲ. 12 ಅಡಿ ಗೇಟಿನ ಒಂದು ರೆಕ್ಕೆ 1.8 ಮೀಟರ್ ಅಗಲ, 120 ಕಿಲೋಗ್ರಾಂ ತೂಕವಿದೆ ಎಂದುಕೊಂಡರೆ, ಆ ತೂಕ ಕಂಬದಿಂದ 0.9 ಮೀಟರ್ ದೂರದಲ್ಲಿ ತೂಗುತ್ತಿರುತ್ತದೆ. ಎರಡು ತಿರುಗಣಿಗಳ ನಡುವೆ 1.2 ಮೀಟರ್ ಅಂತರವಿದ್ದರೆ ಮೇಲಿನ ತಿರುಗಣಿಯು ಕಂಬವನ್ನು ಸುಮಾರು 90 ಕಿಲೋಗ್ರಾಂ ತೂಕದಷ್ಟು ಬಲದಿಂದ ಸದಾ ಗೇಟಿನ ಕಡೆಗೆ ಎಳೆಯುತ್ತದೆ. ಕಂಬ 1.5 ಮೀಟರ್ ಎತ್ತರದಲ್ಲಿ ಒಂದು ಸೆಂಟಿಮೀಟರ್ ವಾಲಿದರೂ ರೆಕ್ಕೆಯ ತುದಿ 1.2 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಚಿಲಕ ಸರಿಯಾಗಿ ಕೂಡುವುದಿಲ್ಲ, ಗೇಟು ನೆಲವನ್ನು ಕೆರೆಯುತ್ತದೆ. ಹೀಗೆ ಗೇಟು ಬುನಾದಿಯ ಚಲನೆಯನ್ನು ಗೋಡೆಗಿಂತ ಮೊದಲೇ ತಿಳಿಸುತ್ತದೆ. ನೆಲದ ಮೇಲೆ ಬಿಲ್ಲಿನಾಕಾರದ ಗೀರು ಕಂಡರೆ, ಅಥವಾ ಚಿಲಕದ ತೂತನ್ನು ಒಂದಕ್ಕಿಂತ ಹೆಚ್ಚು ಸಲ ಕೊರೆದಿದ್ದರೆ, ಕಂಬ ಅಲುಗುತ್ತಿದೆ ಎಂದು ತಿಳಿಯಬಹುದು.

ಈ ಕಾರಣದಿಂದ ಎರಡು ಕಂಬಗಳನ್ನೂ ನೆಲದಡಿಯಲ್ಲಿ ಒಂದೇ ತೊಲೆಯಿಂದ ಜೋಡಿಸುವುದು ಉತ್ತಮ ವಿಧಾನ. ಒಂದು ಕಂಬದ ಎಳೆತವನ್ನು ಇನ್ನೊಂದು ತಡೆಯುತ್ತದೆ, ಎರಡೂ ಒಟ್ಟಿಗೆ ಚಲಿಸುವುದರಿಂದ ಚಿಲಕ ತಪ್ಪುವುದಿಲ್ಲ. ಗೇಟನ್ನು ಹಗುರ ಮಾಡುವುದೂ ಅಷ್ಟೇ ಪರಿಣಾಮಕಾರಿ. ಪೂರ್ತಿ ತಗಡು ಹೊದಿಸಿದ ಗೇಟು ಭಾರವಾಗುವುದಲ್ಲದೆ ಗಾಳಿಯ ಹೊಡೆತವನ್ನೂ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಬರಿಗೈಯಿಂದ ಮುಟ್ಟುವುದು ಕಷ್ಟ. ಕೆಳಭಾಗದಲ್ಲಿ ಆಡುಮರಿ, ನಾಯಿ ನುಸುಳದಂತೆ 10 ಸೆಂಟಿಮೀಟರಿಗಿಂತ ಕಡಿಮೆ ಅಂತರದ ಕಂಬಿಗಳು, ಮೇಲ್ಭಾಗದಲ್ಲಿ ವಿರಳವಾದ ಕಂಬಿಗಳು ಇದ್ದರೆ ಸಾಕಾಗುತ್ತದೆ. ಗೇಟಿನ ರೆಕ್ಕೆಗಳು ಒಳಕ್ಕೇ ತೆರೆಯಬೇಕು. ರಸ್ತೆಗೆ ತೆರೆಯುವ ಗೇಟು ಹಾದಿಹೋಕರಿಗೆ ಅಪಾಯಕರ.

ಹಳೆಯ ಅಗಸಿಯ ದಿಡ್ಡಿಯ ತತ್ವ ಇಲ್ಲಿಯೂ ಉಪಯುಕ್ತವಾಗಿದೆ. ದಿನದಲ್ಲಿ ಹಲವು ಬಾರಿ ಮನುಷ್ಯರು ಓಡಾಡುತ್ತಾರೆ, ವಾಹನ ಒಂದೆರಡು ಬಾರಿ. ಇಬ್ಬರಿಗೂ ಒಂದೇ ದೊಡ್ಡ ಗೇಟಿದ್ದರೆ ಅದು ಅರ್ಧ ತೆರೆದೇ ಇರುತ್ತದೆ, ಮತ್ತು ಬಂದವರು ಮನೆಯನ್ನು ವಾಹನದ ದಾರಿಯಿಂದಲೇ ಮೊದಲು ನೋಡುತ್ತಾರೆ. ಒಂದು ಮೀಟರಿನ ಪ್ರತ್ಯೇಕ ಚಿಕ್ಕ ಗೇಟು ಈ ಎರಡನ್ನೂ ಬೇರ್ಪಡಿಸುತ್ತದೆ.

## ಒಂದು ಮಾದರಿ ವಿನ್ಯಾಸ

ಪೂರ್ವಕ್ಕೆ ಮುಖವಾಗಿರುವ, 9 ಮೀಟರ್ ಅಗಲ ಮತ್ತು 12 ಮೀಟರ್ ಆಳದ ನಿವೇಶನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದು 30×40 ಎಂದು ಕರೆಯುವ ಅಳತೆ. ಮುಂದೆ 1.5 ಮೀಟರ್ ಖಾಲಿ ಬಿಡಲಾಗಿದೆ, ಮನೆಯ ನೆಲ ರಸ್ತೆಯಿಂದ 0.6 ಮೀಟರ್ ಮೇಲಿದೆ.

ಸಾಮಾನ್ಯವಾಗಿ ಗೇಟನ್ನು ನಡುವೆ ಇಟ್ಟು ಅದರ ನೇರಕ್ಕೆ ಮೆಟ್ಟಿಲು, ಬಾಗಿಲು ಇಡುತ್ತಾರೆ. ಅಂಗಳ 0.15 ಮೀಟರ್ ಎತ್ತರದಲ್ಲಿದ್ದರೆ ಉಳಿದ 0.45 ಮೀಟರಿಗೆ 15 ಸೆಂಟಿಮೀಟರಿನ ಮೂರು ಏರುಗಳು ಬೇಕು. ಎರಡು ತುಳಿಮೆಟ್ಟಿಲಿಗೆ 60 ಸೆಂಟಿಮೀಟರ್ ಹೋದರೆ ಗೇಟಿಗೂ ಮೊದಲ ಮೆಟ್ಟಿಲಿಗೂ ಉಳಿಯುವುದು 90 ಸೆಂಟಿಮೀಟರ್ ಮಾತ್ರ. ಒಂದು ಮೀಟರಿನ ಗೇಟು ಒಳಕ್ಕೆ ತೆರೆದರೆ ಮೆಟ್ಟಿಲಿಗೆ ಬಡಿಯುತ್ತದೆ. ಬಾಗಿಲು ತೆರೆದಿದ್ದರೆ ಬೀದಿಯಿಂದ ನಡುಮನೆಯವರೆಗೂ ಕಾಣುತ್ತದೆ. ಬಂದವರು ಎರಡೇ ಹೆಜ್ಜೆಯಲ್ಲಿ ಬೀದಿಯಿಂದ ಹೊಸ್ತಿಲಿಗೆ ತಲುಪುತ್ತಾರೆ. ಚಪ್ಪಲಿ ಬಿಡಲೂ ನಿಲ್ಲಲೂ ಜಾಗವಿರುವುದಿಲ್ಲ.

ಅದೇ ಅಳತೆಯಲ್ಲಿ ದಾರಿಯನ್ನು ತಿರುಗಿಸಿದರೆ ಫಲಿತಾಂಶ ಬೇರೆಯಾಗುತ್ತದೆ. ಚಿಕ್ಕ ಗೇಟನ್ನು ಉತ್ತರದ ಮೂಲೆಯಿಂದ 30 ಸೆಂಟಿಮೀಟರ್ ಬಿಟ್ಟು ಇಡಲಾಗುತ್ತದೆ. ಒಳಬಂದವರು ಎಡಕ್ಕೆ, ಅಂದರೆ ದಕ್ಷಿಣಕ್ಕೆ ತಿರುಗಿ, ಪೌಳಿಗೂ ಮನೆಗೂ ನಡುವಣ 1.5 ಮೀಟರ್ ಅಗಲದ ದಾರಿಯಲ್ಲಿ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ನಡೆಯುತ್ತಾರೆ. ಅಲ್ಲಿ ಅದೇ ದಿಕ್ಕಿನಲ್ಲಿ ಮೂರು ಏರುಗಳ ಮೆಟ್ಟಿಲನ್ನು ಹತ್ತಿ, 1.5 ಮೀಟರ್ ಚೌಕದ ಒಂದು ಕಟ್ಟೆಗೆ ಬರುತ್ತಾರೆ. ಕಟ್ಟೆಯ ಮೇಲೆ ಬಲಕ್ಕೆ ತಿರುಗಿದರೆ ತಲಬಾಗಿಲು. ಬೀದಿಯ ಕಡೆಗೆ ಕಟ್ಟೆಯ ಅಂಚಿನಲ್ಲಿ 45 ಸೆಂಟಿಮೀಟರ್ ಎತ್ತರದ ಕುಳಿತುಕೊಳ್ಳುವ ಜಗಲಿ ಇರುತ್ತದೆ. ಕಟ್ಟೆಯ ನೆಲವೇ ರಸ್ತೆಯಿಂದ 0.6 ಮೀಟರ್ ಮೇಲಿರುವುದರಿಂದ, ಪೌಳಿ 1.2 ಮೀಟರ್ ಇದ್ದಲ್ಲಿ ಜಗಲಿಯ ಮೇಲೆ ಕುಳಿತವರ ತಲೆ ಪೌಳಿಗಿಂತ ಮೇಲೆ ಬಂದು, ಬೀದಿಯವರೊಂದಿಗೆ ಮಾತನಾಡಲು ಸಾಧ್ಯವಾಗುತ್ತದೆ.

ಉಳಿದ ದಕ್ಷಿಣದ 3 ಮೀಟರ್ ವಾಹನಕ್ಕೆ. ಮುಂದಿನ 1.5 ಮೀಟರ್ ಮತ್ತು ಮನೆಯೊಳಗೆ ಸೇರಿದ 3.5 ಮೀಟರ್ ಕೂಡಿ 5 ಮೀಟರ್ ಆಳದ ನಿಲುಗಡೆ ಸಿಗುತ್ತದೆ. ಇಲ್ಲಿ ರೆಕ್ಕೆಗಳು ಒಳಕ್ಕೆ ತೆರೆದರೆ ಕಾರಿಗೆ ತಗಲುವುದರಿಂದ, ಪೌಳಿಯ ಉದ್ದಕ್ಕೆ ಸರಿಯುವ ಗೇಟು ಅಥವಾ ನಾಲ್ಕು ಮಡಿಕೆಯ ಗೇಟು ಬೇಕು. ಎರಡು ಗೇಟುಗಳ ನಡುವೆ 4.7 ಮೀಟರ್ ಗೋಡೆ ಇರುವುದರಿಂದ 3 ಮೀಟರಿನ ಸರಿಯುವ ಗೇಟಿಗೆ ಜಾಗ ಸಾಕಾಗುತ್ತದೆ. ಚರಂಡಿಯ ಮೇಲಿನ 0.75 ಮೀಟರ್ ಹಾಸಿನಲ್ಲಿ 9 ಸೆಂಟಿಮೀಟರ್, ಗೇಟಿನ ಒಳಗಿನ ಅರ್ಧ ಮೀಟರಿನಲ್ಲಿ 6 ಸೆಂಟಿಮೀಟರ್ ಏರಿದರೆ ನಿಲುಗಡೆಯ ಮಟ್ಟ ತಲುಪಬಹುದು. ರಸ್ತೆಯ ಮೇಲೆ ಇಳಿಜಾರು ಚಾಚುವ ಅಗತ್ಯವಿಲ್ಲ. ಚರಂಡಿಯ ಹಾಸುಗಲ್ಲುಗಳನ್ನು ಗಾರೆಯಿಂದ ಬೆಸೆಯದೆ, ಎತ್ತಿ ಶುದ್ಧಗೊಳಿಸುವಂತೆ ಬಿಡಿಯಾಗಿ ಇಡಬೇಕು.

ಚಿಕ್ಕ ಗೇಟು ತೆರೆದಾಗ ಬೀದಿಯಿಂದ ಕಾಣುವುದು ಬಾಗಿಲಲ್ಲ, ಮನೆಯ ಗೋಡೆಯ ಒಂದು ಭಾಗ. ತುಳಸಿಕಟ್ಟೆ, ಒಂದು ಗಿಡ ಅಥವಾ ಬರಿಯ ಕಲ್ಲಿನ ಗೋಡೆ ಅಲ್ಲಿರಬಹುದು. ನಿವೇಶನದ ಅಳತೆ ಬದಲಾಗಿಲ್ಲ. ಆದರೆ ಬೀದಿಗೂ ಬಾಗಿಲಿಗೂ ನಡುವಣ ನಡಿಗೆ 1.5 ಮೀಟರಿನಿಂದ ಸುಮಾರು 5 ಮೀಟರಿಗೆ ಬೆಳೆದಿದೆ, ಎರಡು ತಿರುವು ಸೇರಿವೆ, ಮತ್ತು ಹಳೆಯ ಮನೆಯ ಕಟ್ಟೆ ಮರಳಿ ಬಂದಿದೆ.

## ಮಿತಿಗಳು

ತಿರುಗಿದ ದಾರಿ ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ಮಂಚ, ಕಪಾಟಿನಂತಹ ದೊಡ್ಡ ಸಾಮಾನುಗಳನ್ನು ಸಾಗಿಸಲು, ಅಸ್ವಸ್ಥರನ್ನು ಮಂಚದ ಮೇಲೆ ಹೊರತರಲು ತಿರುವಿನಲ್ಲಿ ಕನಿಷ್ಠ 1.5 ಮೀಟರ್ ಅಗಲ ಬೇಕು; ಅದಕ್ಕಿಂತ ಕಿರಿದಾದರೆ ನೇರ ದಾರಿಯೇ ಲೇಸು. ಮೇಲಿನ ವಿನ್ಯಾಸದಲ್ಲಿ ಗಾಲಿಕುರ್ಚಿಗೆ ದಾರಿಯಿಲ್ಲ. 0.45 ಮೀಟರ್ ಏರಲು 1:12ರಂತೆ 5.4 ಮೀಟರ್ ಉದ್ದ ಬೇಕಾಗುವುದರಿಂದ, ಅದಕ್ಕೆ ವಾಹನದ ಜಾಗವನ್ನು ಬಿಟ್ಟುಕೊಡಬೇಕು, ಇಲ್ಲವೆ ಮನೆಯ ನೆಲವನ್ನು ತಗ್ಗಿಸಬೇಕು. ಗೇಟು ಮತ್ತು ಬಾಗಿಲಿನ ದಿಕ್ಕು, ಸ್ಥಾನಗಳ ಬಗ್ಗೆ ವಾಸ್ತುವಿನ ನಂಬಿಕೆಗಳಿರುವ ಕುಟುಂಬಗಳು ಚಿಕ್ಕ ಗೇಟಿನ ಮೂಲೆಯನ್ನು ಅದಕ್ಕೆ ತಕ್ಕಂತೆ ಆರಿಸಿಕೊಳ್ಳುತ್ತವೆ. ಪೂರ್ವಮುಖದ ನಿವೇಶನದಲ್ಲಿ ಈಶಾನ್ಯದ ಕಡೆಯ ಪ್ರವೇಶ ಹಲವರಿಗೆ ಒಪ್ಪಿಗೆಯಾಗುತ್ತದೆ. ಹಳೆಯ ಊರಿನ ಇಕ್ಕಟ್ಟಾದ ಬೀದಿಗಳಲ್ಲಿ ಮುಂದೆ ಖಾಲಿ ಜಾಗವೇ ಇಲ್ಲದಿರುವುದರಿಂದ ಅಲ್ಲಿ ಪೌಳಿಯ ಪ್ರಶ್ನೆ ಬರುವುದಿಲ್ಲ. ಅಲ್ಲಿ ರಸ್ತೆ ಅಗಲೀಕರಣದ ಸಂದರ್ಭದಲ್ಲಿ ಮೊದಲು ಹೋಗುವುದು ಕಟ್ಟೆ. ಅದರೊಂದಿಗೆ ಮನೆಯ ಮಟ್ಟಕ್ಕೂ ಬೀದಿಯ ಮಟ್ಟಕ್ಕೂ ನಡುವಣ ಮೆಟ್ಟಿಲುಗಳೂ ಹೋಗುವುದರಿಂದ, ತಲಬಾಗಿಲಿನ ಒಳಗೇ ಮೆಟ್ಟಿಲು ಕಟ್ಟಿಕೊಂಡ ಮನೆಗಳನ್ನು ಹಳೆಯ ಊರುಗಳಲ್ಲಿ ಕಾಣಬಹುದು.